ಬಾಣಂತನದ ಮನೆಯಲ್ಲಿ ಬೋರಲಾಟ: ಕೂಸಿನ ತಲೆ ಚಪ್ಪಟೆಯಾಗದಂತೆ, ಸೊಂಟದ ಕೀಲು ಜಾರದಂತೆ ನೋಡಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳಲ್ಲಿ ಚೊಚ್ಚಲ ಬಾಣಂತಿ ಮೂರು ತಿಂಗಳಿಂದ ಐದು ತಿಂಗಳವರೆಗೆ ತವರುಮನೆಯಲ್ಲಿ ಉಳಿಯುವುದು ಇಂದಿಗೂ ರೂಢಿಯಲ್ಲಿದೆ. ಕೂಸಿನ ತಲೆಬುರುಡೆ ಅತ್ಯಂತ ಮೆತ್ತಗಿರುವುದೂ, ಸೊಂಟದ ಕೀಲಿನ ಗುಳಿ ಇನ್ನೂ ಆಕಾರ ಪಡೆಯುತ್ತಿರುವುದೂ ಇದೇ ತಿಂಗಳುಗಳಲ್ಲಿ. ಆದ್ದರಿಂದ ತೊಟ್ಟಿಲನ್ನು ಯಾವ ಗೋಡೆಗೆ ಹಾಕಿದ್ದಾರೆ, ಎರೆದ ಮೇಲೆ ಕೂಸನ್ನು ಹೇಗೆ ಸುತ್ತುತ್ತಾರೆ, ಯಾರು ಹೇಗೆ ಎತ್ತಿಕೊಳ್ಳುತ್ತಾರೆ ಎಂಬ ಸಂಗತಿಗಳಿಗೆ ಔಷಧಿಯಷ್ಟೇ ತೂಕವಿದೆ. ಮಕ್ಕಳ ಫಿಸಿಯೋಥೆರಪಿಯ ಕೆಲಸದಲ್ಲಿ ನಾನು ಹೆಚ್ಚಾಗಿ ಮಾತನಾಡುವುದು ಕೂಸಿನ ತಾಯಿಯೊಡನೆ ಅಲ್ಲ, ಎರೆಯುವ ಅಜ್ಜಿಯೊಡನೆ. ಅಜ್ಜಿಯ ಕೈ ಒಪ್ಪದೆ ಆ ಮನೆಯಲ್ಲಿ ಏನೂ ಬದಲಾಗದು, ಮತ್ತು ಬದಲಾಗಬೇಕಾದ ಅರ್ಧ ಕೆಲಸ ಆಕೆಗೆ ಮೊದಲೇ ಗೊತ್ತಿರುತ್ತದೆ. ಇಲ್ಲಿ ಬರೆದಿರುವುದು ಹುಟ್ಟಿದ ದಿನದಿಂದ ಸುಮಾರು ಐದು ತಿಂಗಳವರೆಗಿನ, ತಿಂಗಳು ತುಂಬಿ ಹುಟ್ಟಿದ ಆರೋಗ್ಯವಂತ ಕೂಸಿನ ವಿಷಯ. ತಿಂಗಳು ತುಂಬದೆ ಹುಟ್ಟಿದ ಕೂಸಾದರೆ ಯಾವಾಗ ಶುರುಮಾಡಬೇಕೆಂದು ಮಕ್ಕಳ ವೈದ್ಯರನ್ನು ಮೊದಲು ಕೇಳಬೇಕು.

ನಿದ್ದೆ ಅಂಗಾತ, ಎಚ್ಚರವಿದ್ದಾಗ ಬೋರಲು

ಕೂಸು ಮಲಗುವಾಗ, ಹಗಲಿರಲಿ ರಾತ್ರಿಯಿರಲಿ, ಬೆನ್ನಿನ ಮೇಲೆ ಅಂಗಾತವಾಗಿಯೇ ಮಲಗಬೇಕು. ಕೂಸನ್ನು ಬೋರಲು ಮಲಗಿಸಿ ನಿದ್ದೆ ಮಾಡಿಸಬಾರದೆಂದು ಅಮೆರಿಕದ ಮಕ್ಕಳ ವೈದ್ಯರ ಸಂಘವು 1992ರಲ್ಲಿ ಸಲಹೆ ನೀಡಿತು. ಅದು ಮನೆಮನೆಗೆ ತಲುಪಿದ ಮೇಲೆ ನಿದ್ದೆಯಲ್ಲೇ ಹಠಾತ್ತಾಗಿ ಸಾಯುವ ಕೂಸುಗಳ ಸಂಖ್ಯೆ ಅಲ್ಲಿ ಬಹಳ ಇಳಿಯಿತು. ಆದರೆ ಸದಾ ಬೆನ್ನಿನ ಮೇಲಿರುವ ಕೂಸಿನ ತಲೆಯ ಭಾರವೆಲ್ಲ ಹಿಂಭಾಗದ ಒಂದೇ ಜಾಗದ ಮೇಲೆ ಬೀಳುವುದರಿಂದ ತಲೆ ಚಪ್ಪಟೆಯಾಗುವುದು ಹೆಚ್ಚಿತು. ಇದಕ್ಕೆ ಪರಿಹಾರವೆಂದು ಕೂಸನ್ನು ಬೋರಲು ಮಲಗಿಸಿ ನಿದ್ದೆ ಮಾಡಿಸಬಾರದು. ಅದು ಎಚ್ಚರವಾಗಿರುವಾಗ, ನಿಮ್ಮ ಕಣ್ಣೆದುರಿಗೆ, ಸ್ವಲ್ಪ ಸ್ವಲ್ಪ ಹೊತ್ತು ಹೊಟ್ಟೆಯ ಮೇಲೆ ಮಲಗಿಸಬೇಕು. ಟಮ್ಮಿ ಟೈಮ್ ಎಂದು ವೈದ್ಯರು ಹೇಳುವುದು ಇದನ್ನೇ. ಇದರಿಂದ ತಲೆಯ ಹಿಂಭಾಗಕ್ಕೆ ಬಿಡುವು ಸಿಗುತ್ತದೆ, ಕುತ್ತಿಗೆ, ಭುಜ, ಬೆನ್ನಿನ ಸ್ನಾಯುಗಳು ಗಟ್ಟಿಯಾಗುತ್ತವೆ, ಕಪ್ಪೆಯಂತೆ ಮಡಚಿ ಅಗಲಿಸಿದ ಕಾಲು ಸೊಂಟದ ಕೀಲಿಗೂ ಒಳ್ಳೆಯದು.

ಎಷ್ಟು ಹೊತ್ತು? ಮನೆಗೆ ಬಂದ ಮೊದಲ ದಿನಗಳಲ್ಲಿ ದಿನಕ್ಕೆ ಎರಡು ಮೂರು ಸಲ, ಪ್ರತಿ ಸಲ ಒಂದೆರಡು ನಿಮಿಷದಿಂದ ಶುರುಮಾಡಿ ಮೂರರಿಂದ ಐದು ನಿಮಿಷಕ್ಕೆ ಏರಿಸಬೇಕು. ಎರಡು ತಿಂಗಳು ತುಂಬುವ ಹೊತ್ತಿಗೆ ಇಡೀ ದಿನದ ಲೆಕ್ಕ 15ರಿಂದ 30 ನಿಮಿಷಕ್ಕೆ ಬಂದರೆ ಸಾಕು. ಇನ್ನೂ ಅಂಬೆಗಾಲಿಡದ ಕೂಸುಗಳಿಗೆ ದಿನಕ್ಕೆ ಕನಿಷ್ಠ 30 ನಿಮಿಷ, ಅದೂ ಹಲವು ತುಣುಕುಗಳಲ್ಲಿ, ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಒಂದೇ ಸಲಕ್ಕೆ ಅರ್ಧ ಗಂಟೆ ಮಲಗಿಸುವ ಅಗತ್ಯ ಯಾರಿಗೂ ಇಲ್ಲ.

ಎರೆಯುವ ಮುಂಚಿನ ಎಣ್ಣೆಯ ಹೊತ್ತು

ನಮ್ಮ ಕಡೆ ಅಜ್ಜಿ ಮಣೆಯ ಮೇಲೆ ಕುಳಿತು, ಕಾಲು ನೀಡಿ, ಮೊಣಕಾಲಿನಿಂದ ಕೆಳಗಿನ ಭಾಗದ ಮೇಲೆ ಕೂಸನ್ನು ಬೋರಲು ಹಾಕಿಕೊಂಡು ಬೆನ್ನಿಗೆ ಎಣ್ಣೆ ತಿಕ್ಕುತ್ತಾಳೆ. ಇದೇ ಬೋರಲಾಟದ ಅತ್ಯುತ್ತಮ ಆರಂಭ. ಹೊಸದಾಗಿ ಏನನ್ನೂ ಕಲಿಸಬೇಕಿಲ್ಲ, ಇರುವುದನ್ನೇ ಸ್ವಲ್ಪ ತಿದ್ದಿಕೊಂಡರೆ ಸಾಕು.

ಎರಡೂ ಕಾಲುಗಳ ನಡುವೆ ಸಂದು ಉಳಿಯದಂತೆ ಜೋಡಿಸಿಕೊಳ್ಳಬೇಕು. ಇಲ್ಲದಿದ್ದರೆ ಕೂಸಿನ ಮೂಗು ಆ ಸಂದಿಗೆ ಇಳಿಯುತ್ತದೆ. ಕಾಲಿನ ಮೇಲೆ ಒಂದು ಮಡಿಕೆ ಅರಿವೆ ಹಾಸಿದರೆ ಎಣ್ಣೆಯ ಮೈ ಜಾರುವುದಿಲ್ಲ. ಕೂಸಿನ ಮುಖ ಒಂದು ಪಕ್ಕಕ್ಕೆ ತಿರುಗಿರಲಿ, ಕೈಗಳು ಮೈಯಡಿಗೆ ಸಿಕ್ಕಿಕೊಳ್ಳದೆ ಭುಜದ ಮುಂದೆ ಬರಲಿ. ಆಮೇಲೆ ಬೆನ್ನು ತಿಕ್ಕುತ್ತಾ ಎರಡು ಮೂರು ನಿಮಿಷ ಹಾಗೇ ಇರಗೊಟ್ಟು, ನಡುವೆ ಒಮ್ಮೆ ಮುಖವನ್ನು ಇನ್ನೊಂದು ಪಕ್ಕಕ್ಕೆ ತಿರುಗಿಸಬೇಕು. ಇವತ್ತು ಎಡದಿಂದ ಶುರುಮಾಡಿದರೆ ನಾಳೆ ಬಲದಿಂದ ಶುರುಮಾಡುವುದು ಒಳ್ಳೆಯ ರೂಢಿ. ಇದೆಲ್ಲ ನೀರು ಹಾಕುವ ಮುಂಚೆಯೇ ಮುಗಿಯಬೇಕು; ನೀರು ಶುರುವಾದ ಮೇಲೆ ಅಜ್ಜಿಯ ಗಮನ ತಂಬಿಗೆಯ ಮೇಲಿರುತ್ತದೆ.

ಇದೇ ಹೊತ್ತಿನಲ್ಲಿ ಬಿಡಬೇಕಾದ ಕೆಲವು ಅಭ್ಯಾಸಗಳೂ ಇವೆ. ತಲೆ ದುಂಡಗಾಗಲೆಂದು ಎರಡೂ ಅಂಗೈಯಿಂದ ಬುರುಡೆಯನ್ನು ಒತ್ತುವುದರಿಂದ ಉಪಯೋಗವಿಲ್ಲ. ತಲೆಯ ಆಕಾರವನ್ನು ತೀರ್ಮಾನಿಸುವುದು ದಿನದ ಎರಡು ನಿಮಿಷದ ಒತ್ತು ಅಲ್ಲ, ಉಳಿದ ಇಪ್ಪತ್ತಕ್ಕೂ ಹೆಚ್ಚು ಗಂಟೆ ತಲೆ ಯಾವ ಜಾಗದ ಮೇಲೆ ಊರಿಕೊಂಡಿದೆ ಎಂಬುದು. ಕಾಲನ್ನು ನೀಟಾಗಿಸಲೆಂದು ಜಗ್ಗುವುದು, ಪಾದ ಹಿಡಿದು ತಲೆಕೆಳಗಾಗಿ ಎತ್ತುವುದು ಸೊಂಟದ ಕೀಲಿಗೆ ನೇರ ಅಪಾಯ. ಇದರ ಕಾರಣವನ್ನು ಮುಂದೆ ಹೇಳುತ್ತೇನೆ.

ಎದೆಯ ಮೇಲಿನಿಂದ ನೆಲಕ್ಕೆ

ಮೊದಲ ವಾರಗಳಲ್ಲಿ ನೆಲದ ಮೇಲೆ ಬೋರಲು ಹಾಕಿದರೆ ಬಹಳ ಕೂಸುಗಳು ಅಳುತ್ತವೆ. ಅದಕ್ಕೆ ತಾಯಿ ಹಿಂದಕ್ಕೆ ಒರಗಿ ಕುಳಿತು, ಕೂಸನ್ನು ತನ್ನ ಎದೆಯ ಮೇಲೆ ಹೊಟ್ಟೆಗೆ ಹೊಟ್ಟೆ ತಾಗುವಂತೆ ಮಲಗಿಸಿಕೊಳ್ಳಬೇಕು. ತಾಯಿ ಎಷ್ಟು ಒರಗಿದ್ದಾಳೋ ಅಷ್ಟೇ ಕೂಸಿಗೆ ತಲೆ ಎತ್ತುವ ಕಷ್ಟ. ಆರಂಭದಲ್ಲಿ ಸುಮಾರಾಗಿ ನೆಟ್ಟಗೆ, ದಿನ ಕಳೆದಂತೆ ಇನ್ನಷ್ಟು ಒರಗುತ್ತಾ ಹೋದರೆ ಕೂಸಿನ ಕುತ್ತಿಗೆ ಅಳತೆಗೆ ತಕ್ಕಂತೆ ಬಲಗೊಳ್ಳುತ್ತದೆ. ಹೀಗೆ ಮಲಗಿಸಿಕೊಂಡಾಗ ತಾಯಿಗೆ ನಿದ್ದೆ ಬರುವಂತಿದ್ದರೆ ಕೂಸನ್ನು ತೊಟ್ಟಿಲಿಗೆ ಅಂಗಾತ ಹಾಕಬೇಕು. ಬಾಣಂತಿಯ ಹೊರಸಿನ ಕೆಳಗೆ ಅಗ್ಗಿಷ್ಟಿಕೆಯ ಕೆಂಡ ಇಡುವ ಮನೆಗಳಲ್ಲಂತೂ ಆ ಹೊರಸಿನ ಮೇಲೆ ಕೂಸನ್ನು ಬೋರಲು ಹಾಕಲೇಬಾರದು. ಕಾವು, ಹೊಗೆ ಎರಡೂ ಮೂಗಿನ ಹತ್ತಿರವೇ ಬರುತ್ತವೆ.

ಮೂರು ನಾಲ್ಕು ವಾರ ಕಳೆದ ಮೇಲೆ ನೆಲಕ್ಕೆ ಬರಬಹುದು. ಜಮಖಾನೆಯ ಮೇಲೆ ಒಂದು ತೆಳುವಾದ ಕೌದಿಯನ್ನು ಸುಕ್ಕಿಲ್ಲದೆ ಹಾಸಬೇಕು. ಹತ್ತಿಯ ಗಾದಿ, ದಿಂಬು, ಮೆತ್ತನೆಯ ಸೋಫಾ ಬೇಡ. ಅವುಗಳಲ್ಲಿ ಮುಖ ಹೂತುಹೋಗುತ್ತದೆ. ಹಾಲು ಕುಡಿಸಿ ಅರ್ಧ ಗಂಟೆಯಾದರೂ ಆಗಿರಬೇಕು. ಅರಿವೆ ಬದಲಿಸಿದ ಕೂಡಲೇ, ಕೂಸು ಗೆಲುವಾಗಿರುವಾಗ ಹಾಕುವುದು ಸುಲಭ. ತಲೆ ಎತ್ತಲು ತೀರ ಒದ್ದಾಡುವ ಕೂಸಿಗೆ ಒಂದು ಸಣ್ಣ ಟವೆಲನ್ನು ಸುರುಳಿ ಸುತ್ತಿ ಎದೆಯ ಕೆಳಗೆ, ಕಂಕುಳಿನ ಮಟ್ಟದಲ್ಲಿ ಇಟ್ಟು, ಎರಡೂ ಕೈಗಳನ್ನು ಸುರುಳಿಯ ಮುಂದಕ್ಕೆ ತರಬೇಕು. ನೀವೂ ಎದುರಿಗೆ ಬೋರಲು ಮಲಗಿ ಮುಖಕ್ಕೆ ಮುಖ ಕೊಟ್ಟು ಮಾತನಾಡಿಸಿದರೆ ಅದು ತಲೆ ಎತ್ತುವುದು ನಿಮ್ಮನ್ನು ನೋಡುವುದಕ್ಕಾಗಿಯೇ.

ಮೊದಲ ತಿಂಗಳಲ್ಲಿ ಅದು ಗದ್ದವನ್ನು ಕ್ಷಣಕಾಲ ಎತ್ತಿ ಮುಖವನ್ನು ಪಕ್ಕಕ್ಕೆ ಹೊರಳಿಸಿದರೆ ಸಾಕು. ಎರಡು ತಿಂಗಳಿಗೆ ತಲೆಯನ್ನು ಸ್ವಲ್ಪ ಹೊತ್ತು ಅರೆ ಎತ್ತರದಲ್ಲಿ ಹಿಡಿಯುತ್ತದೆ. ಮೂರು ನಾಲ್ಕು ತಿಂಗಳಿಗೆ ಮೊಣಕೈ ಊರಿ ಎದೆ ಎತ್ತಿ ಸುತ್ತ ನೋಡುತ್ತದೆ. ಆಮೇಲೆ ಒಂದು ದಿನ ಕೂಸು ತಾನಾಗಿಯೇ ಡಬ್ಬ ಬೀಳುವುದನ್ನು ಮನೆಯವರೆಲ್ಲ ಕರೆದು ತೋರಿಸುವ ಹೊತ್ತು ಬರುತ್ತದೆ. ದಣಿದದ್ದು ಹೇಗೆ ಗೊತ್ತಾಗುತ್ತದೆ ಎಂದರೆ, ಮೂಗನ್ನು ಕೌದಿಗೆ ತಿಕ್ಕುತ್ತದೆ, ಮುಷ್ಟಿ ಬಿಗಿದು ಕೈಯನ್ನು ಎದೆಯಡಿಗೆ ಎಳೆದುಕೊಳ್ಳುತ್ತದೆ, ದನಿ ಬದಲಾಗುತ್ತದೆ. ಅಳು ಜೋರಾಗುವ ತನಕ ಕಾಯದೆ ಆಗಲೇ ಒಂದು ಪಕ್ಕಕ್ಕೆ ಹೊರಳಿಸಿ ಅಂಗಾತ ಮಾಡಬೇಕು. ಹಾಗೆಯೇ ಕಣ್ಣು ಮುಚ್ಚಿದರೂ ಅಂಗಾತ ಮಾಡಬೇಕು. ಬೋರಲಿರುವ ಕೂಸನ್ನು ಬಾಗಿಲು ತೆರೆಯಲು ಹೋಗುವಷ್ಟು ಹೊತ್ತೂ ಒಂಟಿಯಾಗಿ ಬಿಡಬಾರದು.

ತೊಟ್ಟಿಲು ಇದ್ದ ಜಾಗವೇ ಕಾರಣವಾದಾಗ

ಮುಧೋಳದ ಕಡೆಯ ಒಂದು ಮನೆಯ ಸಂಗತಿಯನ್ನು ವಿವರವಾಗಿ ಹೇಳುವುದು ಇಲ್ಲಿ ಉಪಯುಕ್ತ, ಏಕೆಂದರೆ ಇಂಥದ್ದು ಬಹಳ ಮನೆಗಳಲ್ಲಿ ನಡೆಯುತ್ತದೆ. ಹತ್ತನೆಯ ವಾರದ ಲಸಿಕೆಯ ಹೊತ್ತಿಗೆ ಕೂಸಿನ ತಲೆಯ ಬಲ ಹಿಂಭಾಗ ಚಪ್ಪಟೆಯಾಗಿತ್ತು. ಮೊದಲು ಕಂಡವಳು ಎರೆಯುವ ಅಜ್ಜಿ. ಒದ್ದೆ ಕೂದಲು ಬುರುಡೆಗೆ ಅಂಟಿದಾಗ ಆಕಾರ ಮುಚ್ಚಿಡಲಾಗದಂತೆ ಕಾಣುತ್ತದೆ. ಮೇಲಿನಿಂದ ನೋಡಿದರೆ ಬಲಗಿವಿ ಎಡಗಿವಿಗಿಂತ ತುಸು ಮುಂದೆ ಬಂದಿತ್ತು, ಬಲ ಹಣೆಯೂ ಸ್ವಲ್ಪ ಉಬ್ಬಿತ್ತು. ಮಲಗುವ ಭಂಗಿಯಿಂದ ಆಗುವ ಚಪ್ಪಟೆತನದ ಗುರುತೇ ಇದು: ಚಪ್ಪಟೆಯಾದ ಕಡೆಯ ಕಿವಿ ಮತ್ತು ಹಣೆ ಮುಂದಕ್ಕೆ ಸರಿಯುತ್ತವೆ.

ಕೋಣೆ ನೋಡಿದರೆ ಕಾರಣ ಎದುರಿಗೇ ಇತ್ತು. ತೊಟ್ಟಿಲು ಪಶ್ಚಿಮದ ಗೋಡೆಗೆ ತಾಗಿತ್ತು, ಕೂಸಿನ ತಲೆ ದಕ್ಷಿಣಕ್ಕಿತ್ತು. ಹಾಗೆ ಅಂಗಾತ ಮಲಗಿದ ಕೂಸಿಗೆ ಎಡಕ್ಕೆ ಬರೀ ಗೋಡೆ, ಬಲಕ್ಕೆ ತಾಯಿಯ ಹೊರಸು, ನೋಡಲು ಬಂದವರು, ಮಾತು, ಬೆಳಕು. ಅದು ಹಗಲೂ ರಾತ್ರಿ ಬಲಕ್ಕೇ ತಿರುಗುತ್ತಿತ್ತು, ಬಲ ಹಿಂಭಾಗದ ಮೇಲೇ ಭಾರ ಬೀಳುತ್ತಿತ್ತು. ಕ್ರಮೇಣ ಎಡಕ್ಕೆ ತಿರುಗುವ ರೂಢಿಯೇ ತಪ್ಪಿತ್ತು.

ಸಾಮಾನ್ಯವಾಗಿ ಹೇಳುವ ಉಪಾಯವೆಂದರೆ ತೊಟ್ಟಿಲಿನಲ್ಲಿ ತಲೆಯ ಕಡೆ ಕಾಲು, ಕಾಲಿನ ಕಡೆ ತಲೆ ಬರುವಂತೆ ಕೂಸನ್ನು ಮಲಗಿಸುವುದು. ಆದರೆ ಇಲ್ಲಿ ಹಾಗೆ ಮಾಡಿದ್ದರೆ ತಲೆ ಉತ್ತರಕ್ಕೆ ಬರುತ್ತಿತ್ತು. "ಉತ್ತರಕ್ಕ ತಲಿ ಹಾಕೂದು ನಮ್ಮನ್ಯಾಗ ಆಗಂಗಿಲ್ಲ ನೋಡ್ರಿ" ಎಂದು ಅಜ್ಜಿ ಹೇಳಿದ ಮೇಲೆ ಅದನ್ನು ವಾದಿಸಿ ಗೆಲ್ಲುವ ಅಗತ್ಯವೇ ಇರಲಿಲ್ಲ. ತೊಟ್ಟಿಲು ಮತ್ತು ಹೊರಸಿನ ಜಾಗ ಅದಲುಬದಲಾದವು. ತೊಟ್ಟಿಲು ಪೂರ್ವದ ಗೋಡೆಗೆ ಹೋಯಿತು, ತಲೆ ದಕ್ಷಿಣಕ್ಕೇ ಉಳಿಯಿತು, ಈಗ ತಾಯಿಯೂ ಬಂದವರೂ ಕೂಸಿನ ಎಡಕ್ಕೆ ಬಂದರು. ಅದರ ಜೊತೆಗೆ, ಕೂಸು ನಿದ್ದೆಗೆ ಜಾರಿದ ಮೇಲೆ ತಾಯಿ ಅದರ ತಲೆಯನ್ನು ಮೆಲ್ಲಗೆ ಎಡಕ್ಕೆ ಹೊರಳಿಸಿದಳು. ಹೊರಳದಿದ್ದರೆ ಬಲವಂತ ಮಾಡಲಿಲ್ಲ. ಬೋರಲಾಟದಲ್ಲಿ ಎಲ್ಲರೂ ಎಡಕ್ಕೆ ಕುಳಿತರು. ಗಿಲಕಿಯನ್ನು ಮುಖದ ಮುಂದೆ ಹಿಡಿದು ನಿಧಾನಕ್ಕೆ ಎಡಭುಜದ ತನಕ ಒಯ್ದು, ಕಣ್ಣು ಹಿಂಬಾಲಿಸುತ್ತಾ ಗದ್ದವೂ ಭುಜದ ತನಕ ಬರುತ್ತದೆಯೇ ಎಂದು ದಿನಾಲೂ ನೋಡಿದರು.

ಇಲ್ಲಿ ಒಂದನ್ನು ಪರೀಕ್ಷಿಸಲೇಬೇಕಿತ್ತು. ಕೆಲವು ಕೂಸುಗಳಿಗೆ ಕುತ್ತಿಗೆಯ ಒಂದು ಪಕ್ಕದ ಸ್ನಾಯು ಗಿಡ್ಡವಾಗಿ, ತಲೆ ಆ ಕಡೆ ವಾಲಿ, ಮುಖ ಎದುರಿನ ಕಡೆ ತಿರುಗಿರುತ್ತದೆ. ಎಡ ಸ್ನಾಯು ಬಿಗಿದಿದ್ದರೆ ತಲೆ ಎಡಕ್ಕೆ ವಾಲುತ್ತದೆ, ಮುಖ ಬಲಕ್ಕೆ ನೋಡುತ್ತದೆ. ಆಗ ತೊಟ್ಟಿಲು ಸರಿಸಿದ ಮಾತ್ರಕ್ಕೆ ಸಾಲದು, ಫಿಸಿಯೋಥೆರಪಿ ಬೇಕು, ಮತ್ತು ಕುತ್ತಿಗೆಯನ್ನು ಮನೆಯವರು ತಾವಾಗಿಯೇ ಜಗ್ಗಬಾರದು. ಈ ಕೂಸಿನ ತಲೆ ವಾಲಿರಲಿಲ್ಲ, ಕುತ್ತಿಗೆಯಲ್ಲಿ ಗಂಟೂ ಇರಲಿಲ್ಲ.

ಎರಡು ವಾರಕ್ಕೊಮ್ಮೆ, ಎರೆದ ಮೇಲೆ ಕೂದಲು ಒದ್ದೆಯಿರುವಾಗಲೇ, ಮೂಗು ನೇರ ಮುಂದಕ್ಕಿರುವಂತೆ ಹಿಡಿದು ನೆತ್ತಿಯ ಮೇಲಿನಿಂದ ಮೊಬೈಲಿನಲ್ಲಿ ಒಂದು ಫೋಟೋ ತೆಗೆಯಲು ತಾಯಿಗೆ ಹೇಳಿದ್ದೆ. ದಿನಾಲೂ ನೋಡುವ ಕಣ್ಣಿಗೆ ಬದಲಾವಣೆ ತಿಳಿಯದು, ಫೋಟೋಗಳನ್ನು ಪಕ್ಕಪಕ್ಕ ಇಟ್ಟಾಗ ತಿಳಿಯುತ್ತದೆ. ಹದಿನಾಲ್ಕನೆಯ ವಾರದ ಲಸಿಕೆಯ ಹೊತ್ತಿಗೆ ಕೂಸು ಎರಡೂ ಕಡೆ ಸರಾಗವಾಗಿ ತಿರುಗುತ್ತಿತ್ತು, ಚಪ್ಪಟೆತನ ಹೆಚ್ಚುವುದು ನಿಂತಿತ್ತು. ಅದು ತುಂಬಿಕೊಳ್ಳಲು ಶುರುವಾದದ್ದು ಕೂಸು ತಾನಾಗಿ ಹೊರಳಿ, ಆಮೇಲೆ ಕೂರುವ ಹೊತ್ತಿಗೆ. ಇದರ ಗತಿಯೇ ಹಾಗೆ. ಮೊದಲು ಕೆಡುವುದು ನಿಲ್ಲುತ್ತದೆ, ತಿಂಗಳುಗಳ ಮೇಲೆ ಬುರುಡೆ ಬೆಳೆಯುತ್ತಾ ದುಂಡಗಾಗುತ್ತದೆ.

ಆ ಮನೆಯಲ್ಲಿ ಸಾಸಿವೆ ತುಂಬಿದ ದಿಂಬೂ ಇತ್ತು. ತಲೆ ದುಂಡಗಾಗಲೆಂದು ನಮ್ಮ ಅನೇಕ ಮನೆಗಳಲ್ಲಿ ಪ್ರೀತಿಯಿಂದ ಹೊಲಿದು ಕೊಡುವ ವಸ್ತು ಅದು. ಆದರೂ ಅದನ್ನು ತೆಗೆಯಿರಿ ಎಂದೇ ಹೇಳುತ್ತೇನೆ. ಒಂದು ವರ್ಷದೊಳಗಿನ ಕೂಸಿಗೆ ನಿದ್ದೆಯಲ್ಲಿ ಯಾವ ದಿಂಬೂ ಬೇಡ. ಅದು ಗದ್ದವನ್ನು ಎದೆಗೆ ಒತ್ತಬಹುದು, ಮುಖಕ್ಕೆ ಅಡ್ಡ ಬರಬಹುದು, ಹೊಲಿಗೆ ಬಿಟ್ಟರೆ ಕಾಳು ಬಾಯಿಗೆ ಹೋಗಬಹುದು. ಸೀರೆಯ ಜೋಳಿಗೆಯೂ ಹಾಗೆಯೇ: ಅದರಲ್ಲಿ ಬೆನ್ನು ಬಾಗಿ ಗದ್ದ ಎದೆಗೆ ತಾಗುತ್ತದೆ, ಎರಡೂ ಕಾಲು ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಹೊಲದಲ್ಲಿ ಬೇರೆ ದಾರಿಯಿಲ್ಲದಾಗ ಕಣ್ಣೆದುರಿಗೆ ಸ್ವಲ್ಪ ಹೊತ್ತು ಸರಿ, ದಿನವಿಡೀ ಮಲಗಿಸುವ ಜಾಗ ಅದಲ್ಲ.

ಸುತ್ತುವ ಅರಿವೆ ಮತ್ತು ಸೊಂಟದ ಕೀಲು

ಸೊಂಟದ ಕೀಲೆಂದರೆ ಒರಳಿನಲ್ಲಿ ಕುಳಿತ ಗುಂಡಿನ ಹಾಗೆ. ತೊಡೆಯೆಲುಬಿನ ಗುಂಡುತಲೆ ಸೊಂಟದ ಗುಳಿಯಲ್ಲಿ ಕುಳಿತಿರುತ್ತದೆ. ಹುಟ್ಟಿದಾಗ ಆ ಗುಳಿ ಆಳವಿಲ್ಲದ್ದು, ಬಹಳ ಭಾಗ ಮೆದು ಎಲುಬಿನದು, ಸುತ್ತಲಿನ ಕಟ್ಟುಗಳೂ ಸಡಿಲ. ಹೊಟ್ಟೆಯೊಳಗೆ ಕೂಸಿನ ಕಾಲು ಮಡಚಿಕೊಂಡೇ ಇದ್ದವು. ಹುಟ್ಟಿದ ಮೇಲೆ ಅವು ನಿಧಾನವಾಗಿ, ತಾವಾಗಿಯೇ ನೀಟಾಗಬೇಕು. ಮೊಣಕಾಲು ಮೇಲೆ ಬಂದು ತೊಡೆ ಅಗಲಿದಾಗ ಗುಂಡು ಗುಳಿಯ ನಡುವೆ ಒತ್ತಿ ಕೂರುತ್ತದೆ, ಆ ಒತ್ತಿನಿಂದಲೇ ಗುಳಿ ಆಳವಾಗುತ್ತದೆ. ಕಾಲನ್ನು ನೀಟಾಗಿ ಜಗ್ಗಿ, ಎರಡನ್ನೂ ಜೋಡಿಸಿ ಬಿಗಿದರೆ ಗುಂಡು ಗುಳಿಯ ಅಂಚಿನ ಕಡೆ ಸರಿಯುತ್ತದೆ. ಕೂಸಿನ ಕಾಲನ್ನು ನೀಟಾಗಿ ಸುತ್ತುವ ರೂಢಿಯಿದ್ದ ಜಪಾನಿನಲ್ಲಿ 1970ರ ದಶಕದ ಮಧ್ಯದಲ್ಲಿ ಅದನ್ನು ಬಿಡಿಸುವ ಅಭಿಯಾನ ನಡೆದ ಮೇಲೆ ಕೀಲು ಜಾರಿದ ಕೂಸುಗಳು ಬಹಳ ಕಡಿಮೆಯಾದವು.

"ಕಾಲ ಸೊಟ್ಟ ಆಗಬಾರದಂತ ಬಿಗಿಯಾಗಿ ಸುತ್ತೀನ್ರಿ" ಎನ್ನುವ ಅಜ್ಜಿಯಂದಿರಿಗೆ ನಾನು ಹೇಳುವುದಿಷ್ಟು: ಎಳೆಗೂಸಿನ ಕಾಲು ಬಾಗಿರುವುದೇ ಸಹಜ, ನಡೆಯಲು ಕಲಿತ ಮೇಲೆ ಅದು ತಾನೇ ನೀಟಾಗುತ್ತದೆ. ಸುತ್ತುವುದನ್ನು ಬಿಡಬೇಕಿಲ್ಲ, ಸುತ್ತುವ ಬಗೆ ಬದಲಾಗಬೇಕು. ತೆಳುವಾದ ಹತ್ತಿಯ ಅರಿವೆಯನ್ನು ಭುಜದ ಮಟ್ಟದಿಂದ ಎದೆಗೆ ಹಿತವಾಗಿ ಸುತ್ತಿ, ಅರಿವೆ ಮತ್ತು ಎದೆಯ ನಡುವೆ ಎರಡು ಬೆರಳು ಸರಾಗ ಹೋಗುವಂತೆ ಬಿಡಬೇಕು. ಹೊಕ್ಕಳಿನಿಂದ ಕೆಳಗೆ ಅರಿವೆಯನ್ನು ಚೀಲದಂತೆ ಸಡಿಲ ಬಿಟ್ಟು ತುದಿಯನ್ನು ಮೈಕೆಳಗೆ ಮಡಚಬೇಕು, ಪಾದದ ಹತ್ತಿರ ಗಂಟು ಹಾಕಬಾರದು. ಸುತ್ತಿ ಮುಗಿದ ಮೇಲೆ ಒಂದು ನಿಮಿಷ ಸುಮ್ಮನೆ ನೋಡಿ. ಒಳಗೆ ಕೂಸು ಮೊಣಕಾಲನ್ನು ಮೇಲಕ್ಕೆ ಎಳೆದುಕೊಂಡು ಎರಡೂ ಪಕ್ಕಕ್ಕೆ ಅಗಲಿಸಿದ್ದು ಅರಿವೆಯ ಮೇಲೆ ಉಬ್ಬಾಗಿ ಕಂಡರೆ ಸರಿ. ಅರಿವೆ ಕೆಳಗಿನ ತನಕ ಸಪಾಟಾಗಿ ಕಂಡರೆ ಬಿಚ್ಚಿ ಮತ್ತೆ ಸುತ್ತಬೇಕು. ಸುತ್ತಿದ ಕೂಸನ್ನು ಎಂದೂ ಬೋರಲು ಹಾಕಬಾರದು, ಮತ್ತು ಹೊರಳುವ ಸೂಚನೆ ಕಂಡ ದಿನದಿಂದ ಸುತ್ತುವುದನ್ನೇ ನಿಲ್ಲಿಸಬೇಕು.

ಎತ್ತಿಕೊಳ್ಳುವ ಭಂಗಿಗಳು

ಎಳೆಗೂಸನ್ನು ಎದೆಗೆ ಎದೆ ತಾಗುವಂತೆ ನೆಟ್ಟಗೆ ಹಿಡಿದು, ಒಂದು ಕೈಯಿಂದ ಕುತ್ತಿಗೆ ಮತ್ತು ತಲೆಗೆ ಆಸರೆ ಕೊಟ್ಟು, ಇನ್ನೊಂದು ಕೈಯನ್ನು ಕುಂಡೆಯ ಕೆಳಗಿಡಬೇಕು. ಆ ಕೈ ತೊಡೆಗಳಿಗೂ ಆಸರೆಯಾಗಿ, ಮೊಣಕಾಲು ಕುಂಡೆಗಿಂತ ತುಸು ಮೇಲಿರಬೇಕು. ಕಾಲು ಜೋತುಬಿದ್ದಿರಬಾರದು. ಮಡಿಲಿನಲ್ಲಿ ಅಡ್ಡ ಹಿಡಿದಾಗ ಎರಡೂ ತೊಡೆಗಳನ್ನು ಕೈಯಿಂದ ಒತ್ತಿ ಜೋಡಿಸುವ ಬದಲು ಕೈಯನ್ನು ಅವುಗಳ ನಡುವೆ ತಂದು ಹಿಡಿಯುವುದು ಒಳ್ಳೆಯದು. ಎತ್ತಿಕೊಂಡಾಗಲೂ ಭುಜ ಬದಲಿಸುತ್ತಿರಬೇಕು, ಇಲ್ಲದಿದ್ದರೆ ಕೂಸು ಒಂದೇ ಕಡೆ ನೋಡುವುದನ್ನು ಕಲಿಯುತ್ತದೆ.

ನಾಲ್ಕೈದು ತಿಂಗಳಿಗೆ ಕುತ್ತಿಗೆ ಗಟ್ಟಿಯಾದ ಮೇಲೆ, ನಮ್ಮ ಹೆಣ್ಣುಮಕ್ಕಳು ಟೊಂಕದ ಮೇಲೆ ಕೂಸನ್ನು ಕೂರಿಸಿಕೊಳ್ಳುವ ಹಳೆಯ ಭಂಗಿಗಿಂತ ಒಳ್ಳೆಯದು ಇನ್ನೊಂದಿಲ್ಲ. ಒಂದು ಕಾಲು ಹೊಟ್ಟೆಯ ಕಡೆ, ಒಂದು ಕಾಲು ಬೆನ್ನಿನ ಕಡೆ, ನಡುವೆ ತಾಯಿಯ ಸೊಂಟ: ಕೀಲಿಗೆ ಬೇಕಾದ ಮಡಚು, ಅಗಲ ಎರಡೂ ತಾವಾಗಿಯೇ ಸಿಗುತ್ತವೆ. ಬೆಳಗಾವಿಯ ಅಂಗಡಿಗಳಲ್ಲಿ ಸಿಗುವ ಬೇಬಿ ಕ್ಯಾರಿಯರ್ ಕೊಳ್ಳುವವರು ಅದರ ಆಸನದ ಅಗಲವನ್ನು ನೋಡಬೇಕು. ಅರಿವೆ ಒಂದು ಮೊಣಕಾಲಿನ ಹಿಂಭಾಗದಿಂದ ಇನ್ನೊಂದರ ತನಕ ತೊಡೆಗೆ ಆಸರೆ ಕೊಡಬೇಕು. ಕಾಲುಗಳ ನಡುವೆ ಕಿರಿದಾದ ಪಟ್ಟಿ ಮಾತ್ರ ಇದ್ದು ಕಾಲು ಜೋತುಬೀಳುವಂತಿದ್ದರೆ ಬೇಡ. ಮೊದಲ ಆರು ತಿಂಗಳು ಕೂಸಿನ ಮುಖ ನಿಮ್ಮ ಕಡೆಗೇ ಇರಲಿ. ಮುಖ ಸದಾ ಕಾಣುತ್ತಿರಬೇಕು, ಗದ್ದ ಮತ್ತು ಎದೆಯ ನಡುವೆ ಒಂದು ಬೆರಳಿನಷ್ಟಾದರೂ ಸಂದು ಇರಬೇಕು, ಮೂಗಿನ ಮೇಲೆ ಸೆರಗು ಬೀಳಬಾರದು.

ಯಾವಾಗ ತೋರಿಸಬೇಕು

ಚಪ್ಪಟೆಯಾದ ಕಡೆಯ ಕಿವಿ ಮುಂದೆ ಬರುವ ಬದಲು ಹಿಂದಕ್ಕೆ ಸರಿದಿದ್ದರೆ, ಬುರುಡೆಯ ಮೇಲೆ ದಿಬ್ಬದಂಥ ಗೆರೆ ಕೈಗೆ ಹತ್ತಿದರೆ, ನೆತ್ತಿಯ ಮೆತ್ತನೆಯ ಜಾಗ ಮೊದಲ ತಿಂಗಳುಗಳಲ್ಲೇ ಗಟ್ಟಿಯಾದರೆ, ಅದು ಬುರುಡೆಯ ಸಂದುಗಳು ಬೇಗ ಬೆಸೆದುಕೊಂಡ ಸ್ಥಿತಿ ಇರಬಹುದು. ಅದಕ್ಕೆ ಮನೆಯ ಉಪಾಯವಿಲ್ಲ, ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಬೇಕು. ತಲೆ ಒಂದು ಕಡೆ ವಾಲಿದ್ದರೆ, ನಾಲ್ಕು ತಿಂಗಳಾದರೂ ತಲೆ ನಿಲ್ಲದಿದ್ದರೆ, ಜಾಗ ಬದಲಿಸಿದ ಮೇಲೂ ಚಪ್ಪಟೆತನ ಹೆಚ್ಚುತ್ತಿದ್ದರೆ ಆಗಲೂ ಹಾಗೆಯೇ.

ಸೊಂಟದ ಕೀಲು ಜಾರಿದ್ದು ಕೂಸಿಗೆ ನೋಯುವುದಿಲ್ಲ, ಅದು ಅತ್ತು ಹೇಳುವುದಿಲ್ಲ. ಅರಿವೆ ಬದಲಿಸುವಾಗ ನೀವೇ ನೋಡಬೇಕು. ಮೊಣಕಾಲು ಮಡಚಿ ತೊಡೆ ಅಗಲಿಸಿದಾಗ ಒಂದು ಕಡೆ ಕಡಿಮೆ ತೆರೆಯುತ್ತದೆಯೇ, ಪಾದಗಳನ್ನು ನೆಲಕ್ಕೆ ಊರಿ ಮೊಣಕಾಲು ಮಡಚಿದಾಗ ಒಂದು ಮೊಣಕಾಲು ತಗ್ಗಿ ಕಾಣುತ್ತದೆಯೇ ಎಂದು ಗಮನಿಸಿ. ತೊಡೆಯ ಗೆರೆಗಳು ಎರಡೂ ಕಡೆ ಒಂದೇ ರೀತಿ ಇಲ್ಲದಿರುವುದು ಆರೋಗ್ಯವಂತ ಕೂಸಿನಲ್ಲೂ ಕಾಣುತ್ತದೆ. ಅದೊಂದರಿಂದಲೇ ಹೆದರಬೇಕಿಲ್ಲ, ಆದರೆ ವೈದ್ಯರಿಗೆ ಹೇಳಿ. ಕೀಲು ಟಕ್ಕೆನ್ನುತ್ತದೆಯೇ ಎಂದು ಮನೆಯಲ್ಲಿ ತಿರುವಿ ನೋಡಬೇಡಿ. ಹೊಟ್ಟೆಯಲ್ಲಿ ಕುಂಡೆ ಕೆಳಗಾಗಿದ್ದ ಕೂಸು, ತಂದೆತಾಯಿಗಾಗಲಿ ಒಡಹುಟ್ಟಿದವರಿಗಾಗಲಿ ಈ ತೊಂದರೆ ಇದ್ದ ಕೂಸು, ಅದರಲ್ಲೂ ಹೆಣ್ಣುಕೂಸಾದರೆ, ಮೇಲೆ ಏನೂ ಕಾಣದಿದ್ದರೂ ಸುಮಾರು ಆರನೆಯ ವಾರಕ್ಕೆ ಸೊಂಟದ ಅಲ್ಟ್ರಾಸೌಂಡ್ ಮಾಡಿಸುವ ಬಗ್ಗೆ ಕೇಳಿ. ಆರನೆಯ ವಾರದ ಲಸಿಕೆಗೆ ಹೋದಾಗಲೇ ಇದನ್ನು ಕೇಳಬಹುದು. ಹುಟ್ಟಿನಿಂದ ಬರುವ ಈ ಕೀಲಿನ ತೊಂದರೆ ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆಯ ಪಟ್ಟಿಯಲ್ಲೂ ಇದೆ, ಆದ್ದರಿಂದ ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಅವರಿಗೂ ತಿಳಿಸಿ.

ಮೊದಲ ತಿಂಗಳುಗಳಲ್ಲಿ ತಿಳಿದರೆ ಸಾಮಾನ್ಯವಾಗಿ ಪಾವ್ಲಿಕ್ ಎಂಬ ಮೆತ್ತನೆಯ ಪಟ್ಟಿಗಳಿಂದ ಕಾಲನ್ನು ಮಡಚಿ ಅಗಲಿಸಿಟ್ಟು ಕೀಲನ್ನು ಕೂರಿಸುತ್ತಾರೆ. ಆರು ತಿಂಗಳು ಕಳೆದ ಮೇಲೆ ತಿಳಿದರೆ ಅರಿವಳಿಕೆ, ಪ್ಲಾಸ್ಟರ್, ಕೆಲವೊಮ್ಮೆ ಶಸ್ತ್ರಚಿಕಿತ್ಸೆಯ ತನಕ ಹೋಗಬೇಕಾಗುತ್ತದೆ. ಪಟ್ಟಿ ಹಾಕಿದ ಕೂಸಿಗೆ ಎಣ್ಣೆ ತಿಕ್ಕಿ ಎರೆಯಲೆಂದು ಮನೆಯವರು ತಾವಾಗಿಯೇ ಅದನ್ನು ಬಿಚ್ಚಬಾರದು. ಮೈ ಒರೆಸುವುದು ಹೇಗೆ, ಬೋರಲು ಹಾಕಬಹುದೇ, ಎತ್ತಿಕೊಳ್ಳುವುದು ಹೇಗೆ ಎಂಬುದನ್ನು ಪಟ್ಟಿ ಹಾಕಿದ ದಿನವೇ, ಎರೆಯುವ ಅಜ್ಜಿಯನ್ನೂ ಜೊತೆಗೆ ಕರೆದುಕೊಂಡು ಹೋಗಿ, ಎಲುಬಿನ ವೈದ್ಯರಿಂದ ಕೈಯಾರೆ ತೋರಿಸಿಕೊಂಡು ಬರಬೇಕು.